ಹಗ್ಗದ ಗಂಟು

(9ನೇ ತರಗತಿ, ಕನ್ನಡ ಸೃಜನಶೀಲ ಬರವಣಿಗೆ. ವಿಷಯ: ಮೊದಲ ಮುಂಗಾರು ಮಳೆ. ಊರು: ತೀರ್ಥಹಳ್ಳಿ ಹತ್ತಿರದ ನಮ್ಮ ಹಳ್ಳಿ)

ಮೇ ತಿಂಗಳ ಒಂದು ಬೆಳಗ್ಗೆ
ನಮ್ಮ ಬಾವಿಯ ಹಗ್ಗ ಸಾಲದೆ ಹೋಯಿತು.
ಕೊಡ ನೀರು ಮುಟ್ಟಲಿಲ್ಲ,
ನಡುವೆಯೇ ನಿಂತು ತೂಗಾಡಿತು.
ಅಮ್ಮ ಕೊಟ್ಟಿಗೆಯಿಂದ ಹಳೆಯ ತುಂಡು ತಂದಳು,
ಹಲ್ಲು ಕಚ್ಚಿ ಎಳೆದು ಗಂಟು ಹಾಕಿದಳು.

ಅಂದಿನಿಂದ ನೀರು ಸೇದುವಾಗೆಲ್ಲ
ಗಂಟು ರಾಟೆ ದಾಟುತ್ತದೆ: ಟಕ್.
ಕೊಡ ಇಳಿಯುವಾಗ ಒಂದು ಟಕ್, ಏರುವಾಗ ಒಂದು ಟಕ್.
ದನಕ್ಕೆ, ಅಡುಗೆಗೆ, ಬಚ್ಚಲ ಹಂಡೆಗೆ, ಟಕ್, ಟಕ್.
ಜಗಲಿಯಲ್ಲಿ ಕೂತ ಅಜ್ಜಿ
ಪ್ರತಿ ಸಲವೂ ಕಣ್ಣು ಮುಚ್ಚುತ್ತಾಳೆ.
‘ಈ ಮನೆಗೆ ಬಂದ ಮೇಲೆ
ಗಂಟು ಹಾಕಿದ್ದು ಇದೇ ಮೊದಲು ಮಗಾ.’

ರೋಹಿಣಿ ಮಳೆ ಬರಲೇ ಇಲ್ಲ.
ತೋಟದಲ್ಲಿ ಎಳೆ ಅಡಿಕೆ ಉದುರಿತು.
ತುಂಗೆ ಬಂಡೆಗಳ ನಡುವೆ
ಸಣ್ಣಗೆ, ಸದ್ದಿಲ್ಲದೆ ಹರಿದಳು.
ಕೇರಳಕ್ಕೆ ಮಳೆ ಬಂತೆಂದು ರೇಡಿಯೋ ಹೇಳಿದ ದಿನ
ಅಪ್ಪ ಒಡೆದ ಹಂಚು ಬದಲಿಸಲು ಮಾಡು ಹತ್ತಿದ.
ಅಮ್ಮ ಸೌದೆಯನ್ನೆಲ್ಲ ಒಳಗೆ ಹೊತ್ತಳು.
ನಾನು ಹೋದ ವರ್ಷದ ಕೊಡೆ ಬಿಚ್ಚಿದೆ.
ಅದರೊಳಗೆ ಹೋದ ವರ್ಷದ ಮಳೆಯ ವಾಸನೆ
ಇನ್ನೂ ಸ್ವಲ್ಪ ಉಳಿದಿತ್ತು.

ಮೃಗಶಿರ ಹುಟ್ಟಿ ಮೂರನೇ ದಿನ.
ಶಾಲೆ ಬಿಟ್ಟು ಗದ್ದೆ ಬದುವಿನಲ್ಲಿ ಬರುತ್ತಿದ್ದೆ.
ಆಗುಂಬೆಯ ಕಡೆ ಬೆಟ್ಟ ಕಾಣಲಿಲ್ಲ.
ಅಲ್ಲಿ ಬೆಟ್ಟವೇ ಇರಲಿಲ್ಲವೇನೋ ಅನ್ನುವಷ್ಟು ಕಪ್ಪು.
ಮೊದಲು ಗಾಳಿ ಬಂತು.
ಅಡಿಕೆ ಮರಗಳೆಲ್ಲ ಒಂದೇ ಕಡೆಗೆ ಬಾಗಿ
ಬರುವವರ ದಾರಿ ನೋಡಿದವು.
ಆಮೇಲೆ ಸದ್ದು. ದೂರದ ಕಾಡಿನಲ್ಲಿ
ಯಾರೋ ಮೊರದಲ್ಲಿ ಭತ್ತ ಕೇರುವಂಥ ಸದ್ದು.
ಹತ್ತಿರ ಬಂತು, ಇನ್ನೂ ಹತ್ತಿರ.
ಆಚೆ ಗದ್ದೆಯಲ್ಲಿ ಮಳೆ, ಈಚೆ ಗದ್ದೆಯಲ್ಲಿ ಬಿಸಿಲು,
ನಡುವೆ ನಾನು.

ಮೊದಲ ಹನಿ ಧೂಳಿಗೆ ಬಿತ್ತು.
ನಾಣ್ಯದಗಲ ಗುಂಡಿ ಮಾಡಿತು.
ಎರಡನೆಯದು ನನ್ನ ಕತ್ತಿಗೆ.
ಮೂರನೆಯದನ್ನು ಯಾರು ಎಣಿಸುತ್ತಾರೆ!
ಕೊಡೆ ಕೈಯಲ್ಲೇ ಇತ್ತು. ಬಿಚ್ಚಲಿಲ್ಲ.
ಪುಸ್ತಕದ ಚೀಲವನ್ನು ಹೊಟ್ಟೆಗೆ ಅವುಚಿಕೊಂಡು
ಸುಮ್ನೆ ನಿಂತೆ.

ಮನೆಯಲ್ಲಿ ಗಲಾಟೆಯೋ ಗಲಾಟೆ.
ಅಂಗಳದ ಹಲಸಿನ ಹಪ್ಪಳಕ್ಕೆ ಅಮ್ಮ ಓಡಿದಳು.
ಕೋಳಿ ಮರಿಗಳನ್ನು ಕರೆದುಕೊಂಡು
ಕೊಟ್ಟಿಗೆಗೆ ಓಡಿತು.
ಗೌರಿ ಹಸು ಮಾತ್ರ ಮೂತಿ ಎತ್ತಿ ನಿಂತಿತ್ತು,
ನನ್ನ ಹಾಗೆ.
ಅಜ್ಜಿ ಹೊರಗೆ ಬಂದಳು.
ಮೊಣಕಾಲು ನೋವು, ಜಗಲಿ ಮೆಟ್ಟಿಲು ಇಳಿಯುವುದೇ ಕಷ್ಟ.
ಅಂಥವಳು ಅಂಗಳಕ್ಕೆ ಇಳಿದು
ಸೂರಿನ ನೀರಿಗೆ ಎರಡೂ ಕೈ ಒಡ್ಡಿ
ಮುಖ ತೊಳೆದುಕೊಂಡಳು.
ಯಾರೂ ‘ಒಳಗೆ ಬಾ’ ಅನ್ನಲಿಲ್ಲ.

ರಾತ್ರಿ ಕರೆಂಟು ಹೋಯಿತು.
ದೀಪಕ್ಕೆ ರೆಕ್ಕೆಹುಳು ಮುತ್ತಿದವು.
ವರ್ಷವಿಡೀ ಎಲ್ಲಿದ್ದವೋ ಕಪ್ಪೆಗಳು,
ಊರಿಗೆ ಊರೇ ವಟಗುಟ್ಟುವಷ್ಟು ಕೂಗಿದವು.
ಪಕ್ಕದ ಮನೆ ಹುಡುಗರು ಬ್ಯಾಟರಿ ಹಿಡಿದು
ತೋಡು ಹತ್ತಿ ಬರುವ ಹತ್ತುಮೀನು ಹಿಡಿಯಲು ಹೊರಟರು.
ಅಜ್ಜಿ ಕತ್ತಲಿನಿಂದಲೇ ಕೂಗಿದಳು:
‘ಬೇಡ ಮಕ್ಕಳೇ, ಮೊಟ್ಟೆ ಇಡಲಿಕ್ಕೆ ಹೊರಟವು ಅವು.
ಅವೂ ನಮ್ಮ ಹಾಗೇ ಮಳೆಗೆ ಕಾದಿದ್ದವು, ಅಲ್ವಾ?’

ಬೆಳಗ್ಗೆ ಎದ್ದವಳೇ ಬಾವಿಗೆ ಓಡಿದೆ.
ಒಂದು ರಾತ್ರಿ ಅಷ್ಟು ಸುರಿದಿತ್ತಲ್ಲ,
ಬಾವಿ ತುಂಬಿರುತ್ತದೆ ಅಂದುಕೊಂಡಿದ್ದೆ.
ಕೊಡ ಇಳಿಸಿದೆ. ಇಳಿಯಿತು, ಇಳಿಯಿತು,
ಟಕ್.
ನೀರು ಇದ್ದಲ್ಲೇ ಇತ್ತು.

ಕಣ್ಣು ತುಂಬಿತು ನನಗೆ.
ಅಜ್ಜಿ ನಕ್ಕಳು. ‘ಮಣ್ಣಿಗೂ ಬಾಯಾರಿಕೆ ಇರ್ತದೆ ಮಗಾ,
ಅದು ಮೊದಲು ಕುಡೀಲಿ.
ಬೇರು ಕುಡೀಲಿ, ಬಂಡೆ ಸಂದಿ ಕುಡೀಲಿ,
ಉಳಿದದ್ದು ನಮ್ಮ ಬಾವಿಗೆ.
ಆರಿದ್ರಾ ಮಳೆ ಆರದೆ ಹುಯ್ಯುತ್ತದೆ, ನೋಡ್ತಿರು.’

ಗಂಟು ಇನ್ನೂ ಹಾಗೇ ಇದೆ.
ಒದ್ದೆಯಾಗಿ ಉಬ್ಬಿ ಇನ್ನಷ್ಟು ಬಿಗಿದಿದೆ.
ದಿನಾ ಶಾಲೆಗೆ ಹೊರಡುವ ಮುಂಚೆ
ಒಂದು ಕೊಡ ನಾನೇ ಸೇದುತ್ತೇನೆ.
ಟಕ್ ಎಂದಮೇಲೆ ಎಷ್ಟು ಮೊಳ ಹಗ್ಗ ಇಳಿಯಿತು,
ಎಣಿಸುತ್ತೇನೆ.
ನಿನ್ನೆ ಆರು.
ಇವತ್ತು ಐದೂವರೆ.