ಹೊಸ ವಾಚಿಗೆ ಹೆಸರು ಮತ್ತು ಅಡಿಬರಹ: ನನ್ನ ಆಯ್ಕೆ

ಎಲ್ಲರಿಗೂ ನಮಸ್ಕಾರ,

ಕಾಲೇಜು ಹುಡುಗ ಹುಡುಗಿಯರಿಗಾಗಿ ನಾವು ತರುತ್ತಿರುವ ಕಡಿಮೆ ಬೆಲೆಯ ಸ್ಮಾರ್ಟ್‌ವಾಚಿಗೆ ಸೋಮವಾರದ ಮೀಟಿಂಗ್‌ನಲ್ಲಿ ಬೋರ್ಡ್ ಮೇಲೆ ಬರೆದ ಹೆಸರುಗಳನ್ನೆಲ್ಲ ಮನೆಗೆ ಹೊತ್ತುಕೊಂಡು ಹೋಗಿದ್ದೆ. ಮೂರು ದಿನ ಬಾಯಲ್ಲಿ ಹೇಳಿ ನೋಡಿದೆ. ಬಸವನಗುಡಿಯ ಒಂದು ಕಾಲೇಜಿನ ಹತ್ತಿರದ ಟೀ ಅಂಗಡಿಯಲ್ಲಿ ಹುಡುಗ ಹುಡುಗಿಯರಿಗೂ ಕೇಳಿಸಿದೆ. ಕೊನೆಗೆ ಉಳಿದದ್ದು ಇಷ್ಟು:

ಹೆಸರು: ಬೆಲ್ಲು (ಇಂಗ್ಲಿಷ್ ಅಕ್ಷರದಲ್ಲಿ `Bellu`)
ಅಡಿಬರಹ: ಹೊತ್ತು ಗೊತ್ತು.

ಯಾಕೆ ಅಂತ ಹೇಳುವ ಮೊದಲು, ಬಿಟ್ಟ ಹೆಸರುಗಳ ಬಗ್ಗೆ. ಇಲ್ಲದಿದ್ದರೆ ಶುಕ್ರವಾರ ಮತ್ತೆ ಅವೇ ಎದ್ದು ಬರುತ್ತವೆ.

"ಸ್ಟೂಡೆಂಟ್ ಟೈಮ್", "ಕಾಲೇಜ್ ವಾಚ್" ಬೇಡ. ಟ್ರೇಡ್‌ಮಾರ್ಕ್ ಕಾಯ್ದೆ 1999ರ 9ನೇ ಸೆಕ್ಷನ್ ಪ್ರಕಾರ, ವಸ್ತು ಏನು, ಯಾರಿಗೆ ಅಂತ ಸುಮ್ನೆ ವಿವರಿಸುವ ಹೆಸರಿಗೆ ನೋಂದಣಿ ಸಿಗುವುದು ಕಷ್ಟ. ಸಿಗದಿದ್ದರೆ ನಾಳೆ ಎಸ್‌ಪಿ ರೋಡಿನಲ್ಲಿ ಅದೇ ಹೆಸರಿನ ಇನ್ನೊಂದು ವಾಚ್ ಇನ್ನೂರು ರೂಪಾಯಿ ಕಡಿಮೆಗೆ ಬಂದರೂ ನಾವು ಕೈಕಟ್ಟಿ ನೋಡಬೇಕು.

"ಮಗಾ" ನನಗೂ ಇಷ್ಟವಾಗಿತ್ತು. ಬೆಂಗಳೂರಿನ ಕ್ಯಾಂಟೀನ್‌ಗಳಲ್ಲಿ ಹುಡುಗಿಯರೂ ಒಬ್ಬರನ್ನೊಬ್ಬರು "ಮಗಾ" ಅಂತಲೇ ಕರೆಯುತ್ತಾರೆ, ಆ ತಕರಾರು ನನಗಿಲ್ಲ. ಆದರೆ 1,499 ರೂಪಾಯಿ ಕೊಡುವುದು ಅಪ್ಪ. ಅಂಗಡಿಯವನ ಮುಂದೆ ನಿಂತು "ಒಂದು ಮಗಾ ಕೊಡಿ" ಅನ್ನುವ ಅಪ್ಪನನ್ನು ನನ್ನಿಂದ ಊಹಿಸಿಕೊಳ್ಳಲು ಆಗಲಿಲ್ಲ.

"ಟೈಮ್‌ಪಾಸ್" ಕೇಳಿದ ತಕ್ಷಣ ಎಲ್ಲರೂ ನಕ್ಕರು. ನಕ್ಕ ಹೆಸರನ್ನು ಯಾರೂ ಮರೆಯಲ್ಲ, ನಿಜ. ಆದರೆ ಅಟೆಂಡೆನ್ಸ್ ಶಾರ್ಟೇಜ್ ಆದ ದಿನ ಅಮ್ಮ ಮೊದಲು ಬೈಯುವುದು ಆ ವಾಚನ್ನೇ.

"ಗಳಿಗೆ" ತುಂಬಾ ಚೆನ್ನಾಗಿದೆ. ಅರವತ್ತು ಗಳಿಗೆ ಸೇರಿದರೆ ಒಂದು ದಿನ, ಒಂದೊಂದೂ 24 ನಿಮಿಷ. ಹಳೆಯ ಲೆಕ್ಕ, ಹೊಸ ವಾಚ್. ಹುಡುಗರಲ್ಲಿ ಒಬ್ಬ ಮಾತ್ರ ಇದರ ಅರ್ಥ ಹೇಳಿದ, ಅದೂ "ಕೆಟ್ಟ ಗಳಿಗೆ" ಅಂತ. ಬಿಟ್ಟೆ.

ಇನ್ನು "ಹೊತ್ತು". ಇದರ ಜೊತೆ ಒಂದು ಇಡೀ ರಾತ್ರಿ ಗುದ್ದಾಡಿದ್ದೇನೆ. ಹೊತ್ತು ಅಂದರೆ ಸಮಯ. ಕೈಮೇಲೆ ಹೊತ್ತುಕೊಂಡು ಹೋಗುವುದು ಅನ್ನುವ ಅರ್ಥವೂ ಅದರಲ್ಲೇ ಇದೆ. ಕೆಲವರು ಹಕಾರ ನುಂಗಿ "ಒತ್ತು" ಅಂದರೂ ನಷ್ಟವಿಲ್ಲ, ಬಟನ್ ಒತ್ತು ಅಂದುಕೊಳ್ಳೋಣ! ಆದರೆ ವಾಚಿನ ಹೆಸರು ಮೊದಲು ಕಾಣಿಸುವುದು ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ. ಅಲ್ಲಿ `Hottu` ಅಂತ ಬರುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ತಕಾರ ಟಕಾರದ ವ್ಯತ್ಯಾಸ ಗೊತ್ತಿಲ್ಲ. ನಾನು ಕಾಗದದ ಮೇಲೆ ಬರೆದು ತೋರಿಸಿದಾಗ ಒಬ್ಬಳು "ಹೊಟ್ಟು" ಅಂತಲೇ ಓದಿದಳು. ತಲೆಹೊಟ್ಟು! ಪಕ್ಕದಲ್ಲಿದ್ದ ಉತ್ತರದ ಕಡೆಯ ಹುಡುಗ "ಹಾಟ್ ಟು" ಅಂದ. ಅಲ್ಲಿಗೆ ಮುಗಿಯಿತು.

ಹೆಸರಾಗಿ ಸತ್ತದ್ದು ಅಡಿಬರಹವಾಗಿ ಬದುಕಿಕೊಂಡಿತು. "ಹೊತ್ತು ಗೊತ್ತು ಇಲ್ವಾ ನಿನಗೆ?" ಇದನ್ನು ಕೇಳದೆ ಬೆಳೆದ ಮಕ್ಕಳು ಕನ್ನಡದ ಮನೆಗಳಲ್ಲಿ ಕಡಿಮೆ. ರಾತ್ರಿ ಹತ್ತಕ್ಕೆ ಮನೆಗೆ ಬಂದರೂ ಅದೇ, ಭಾನುವಾರ ಹನ್ನೊಂದಕ್ಕೆ ಎದ್ದರೂ ಅದೇ. ಆ ಬೈಗುಳದಿಂದ "ಇಲ್ವಾ" ತೆಗೆದು ಪೂರ್ಣವಿರಾಮ ಇಟ್ಟರೆ ಅದು ಮಕ್ಕಳ ಉತ್ತರವಾಗುತ್ತದೆ: ಹೊತ್ತು ಗೊತ್ತು. ಬೈದ ಅಮ್ಮನಿಗೂ ನಗು ಬರುತ್ತದೆ, ದುಡ್ಡು ಕೊಡುವ ಅಪ್ಪನಿಗೂ ಸಮಾಧಾನ. ವಿವರಣೆ ಕೊಡುವ ಕೆಲಸವೇ ಬರಲಿಲ್ಲ ನನಗೆ.

ಹಾಗಾದರೆ ಬೆಲ್ಲು ಯಾಕೆ? ಬಸ್ಸನ್ನು ಬಸ್ಸು, ಕಾರನ್ನು ಕಾರು ಮಾಡಿಕೊಂಡ ಹಾಗೆ ಬೆಲ್ಲನ್ನೂ ನಾವು ನಮ್ಮದು ಮಾಡಿಕೊಂಡಿದ್ದೇವೆ. "ಬೆಲ್ಲು ಹೊಡೀತು" ಅಂದರೆ ಸಾಕು, ಇಡೀ ಕ್ಲಾಸು ಬ್ಯಾಗ್ ಎತ್ತುತ್ತದೆ. ನಮ್ಮ ವಾಚ್ ಕಾಲ್ ಬಂದಾಗ ಕೈಮೇಲೆ ಹೊಡೆದುಕೊಳ್ಳುತ್ತದೆ, ಟೈಮ್‌ಟೇಬಲ್ ಹಾಕಿಟ್ಟರೆ ಪಿರಿಯಡ್‌ಗೆ ಐದು ನಿಮಿಷ ಮುಂಚೆ ನಡುಗುತ್ತದೆ. `Bellu` ಅನ್ನು ಹೇಗೆ ಓದಿದರೂ ಹೆಚ್ಚುಕಡಿಮೆ ಬೆಲ್ಲು ಅಂತಲೇ ಬರುತ್ತದೆ. ಹೆಚ್ಚೆಂದರೆ ಬೆಲ್ಲ ನೆನಪಾಗಬಹುದು, ಆಗಲಿ ಬಿಡಿ. ಐದೇ ಅಕ್ಷರ, ವಾಚಿನ ಹಿಂಬದಿಯಲ್ಲೂ ಆರಾಮಾಗಿ ಕೂರುತ್ತದೆ.

ಅಗ್ಗದ ವಾಚ್ ಅನ್ನುವುದನ್ನು ಹೆಸರಿನಲ್ಲಿ ಎಲ್ಲೂ ಹೇಳಿಲ್ಲ, ಬೇಕಂತಲೇ. 1961ರಲ್ಲಿ ಇದೇ ಊರಿನಲ್ಲಿ ಎಚ್‌ಎಂಟಿ ವಾಚ್ ಮಾಡಲು ಶುರು ಮಾಡಿತು. ಅವರ ಒಂದು ವಾಚಿನ ಹೆಸರು "ಜನತಾ". ನಮ್ಮಪ್ಪ ಅದನ್ನು ಕಟ್ಟಿಕೊಂಡೇ ಮದುವೆ ಫೋಟೋ ತೆಗೆಸಿಕೊಂಡಿದ್ದಾರೆ. ಎಲ್ಲರದ್ದು ಅನ್ನುತ್ತಿತ್ತು ಆ ಹೆಸರು, ಕಡಿಮೆ ದುಡ್ಡಿನದ್ದು ಅನ್ನುತ್ತಿರಲಿಲ್ಲ.

ಅಡಿಬರಹದಲ್ಲಿ ಕೆಲವು ಮಾತು ಬರಲೇಬಾರದು. "ಪರೀಕ್ಷೆಗೆ ಜೊತೆ" ಅಂತ ಒಬ್ಬರು ಬರೆದಿದ್ದರು. ಪರೀಕ್ಷೆ ಹಾಲ್ ಬಾಗಿಲಲ್ಲೇ ಸ್ಮಾರ್ಟ್‌ವಾಚ್ ಬಿಚ್ಚಿಸುತ್ತಾರೆ, ಅಲ್ವಾ? "ಏಳು ದಿನ ಬ್ಯಾಟರಿ" ಕೂಡ ಬೇಡ. ಬ್ಲೂಟೂತ್ ಕಾಲಿಂಗ್ ಆನ್ ಇಟ್ಟರೆ ಅಷ್ಟು ಬರಲ್ಲ ಅಂತ ನಮಗೇ ಗೊತ್ತಿದೆ. ಹೃದಯ, ಆರೋಗ್ಯ ಅನ್ನುವ ಪದಗಳಿಂದಲೂ ದೂರ ಇರೋಣ. ನಮ್ಮ ಸೆನ್ಸರ್ ಡಾಕ್ಟರ ಉಪಕರಣ ಅಲ್ಲ.

ಇನ್ನು ಮಾಡಬೇಕಾದ ಕೆಲಸ. ಲಾಯರ್ ಮೇಡಂ, ಟ್ರೇಡ್‌ಮಾರ್ಕ್ ವೆಬ್‌ಸೈಟಿನಲ್ಲಿ `Bellu` ಹೆಸರನ್ನು ಉಚ್ಚಾರಣೆಯ ಹುಡುಕಾಟದಲ್ಲೂ ನೋಡಿ, `Belu`, `Bello` ತರಹದವು ಇದ್ದರೆ ಈಗಲೇ ಹೇಳಿಬಿಡಿ. ಸ್ಮಾರ್ಟ್‌ವಾಚ್ 9ನೇ ವರ್ಗಕ್ಕೆ ಬರುತ್ತದೆ, ಮಾಮೂಲಿ ಗಡಿಯಾರ 14ಕ್ಕೆ. ಎರಡರಲ್ಲೂ ಅರ್ಜಿ ಹಾಕೋಣ ಅಂತ ನನ್ನ ಅಭಿಪ್ರಾಯ. ನಾವು ಸ್ಟಾರ್ಟಪ್ ಆದ್ದರಿಂದ ಆನ್‌ಲೈನ್ ಶುಲ್ಕ ವರ್ಗಕ್ಕೆ 4,500 ರೂಪಾಯಿ. ನೋಂದಣಿ ಆಗುವವರೆಗೆ ಬಾಕ್ಸ್ ಮೇಲೆ ™ ಮಾತ್ರ, ® ಹಾಕಬಾರದು.

ಡಿಸೈನ್‌ನವರಿಗೆ ಒಂದು ಮಾತು. "ಹೊತ್ತು", "ಗೊತ್ತು" ಎರಡರಲ್ಲೂ ತಕಾರದ ಒತ್ತು ಇದೆ. ಚಿಕ್ಕದಾಗಿ ಮುದ್ರಿಸಿದರೆ ಅದು ಶಾಯಿಯ ಚುಕ್ಕೆಯಾಗುತ್ತದೆ. ಬಾಕ್ಸಿನ ಬದಿಯಲ್ಲಿ ಜಾಗ ಸಾಲದಿದ್ದರೆ ಅಡಿಬರಹ ಬಿಟ್ಟುಬಿಡಿ, ಕುಗ್ಗಿಸಬೇಡಿ.

ಬಾಕ್ಸಿನ ಮುಂಭಾಗ ಹೀಗಿರಲಿ:

ಬೆಲ್ಲು™
ಹೊತ್ತು ಗೊತ್ತು.

ಹಿಂಭಾಗಕ್ಕೆ ಇಷ್ಟು: "ಮೊದಲ ಪಿರಿಯಡ್‌ಗೂ ಗೊತ್ತು. ಕೊನೇ ಮೆಟ್ರೋಗೂ ಗೊತ್ತು. ಅಮ್ಮನ ಕಾಲ್ ಬಂದರೆ ಕೈಮೇಲೇ ಎತ್ತಿ."

ಕೊನೆಯದು ಸಾಫ್ಟ್‌ವೇರ್ ತಂಡಕ್ಕೆ, ಇದು ಸಲಹೆ ಅಲ್ಲ, ಷರತ್ತು. ನಿನ್ನೆ ಸ್ಯಾಂಪಲ್ ವಾಚಿಗೆ ನನ್ನ ಅಕ್ಕ "ಊಟ ಆಯ್ತಾ" ಅಂತ ಕನ್ನಡದಲ್ಲಿ ಮೆಸೇಜ್ ಹಾಕಿದಳು. ಪರದೆ ಮೇಲೆ ಬಂದದ್ದು ಖಾಲಿ ಚೌಕಗಳ ಸಾಲು. ಕಡಿಮೆ ಬೆಲೆಯ ಎಷ್ಟೋ ವಾಚುಗಳಲ್ಲಿ ಇದೇ ಕತೆ, ಕನ್ನಡದ ಫಾಂಟನ್ನೇ ಹಾಕಿರುವುದಿಲ್ಲ. ಫಾಂಟ್ ಹಾಕಿದರೂ ಸಾಲದು, ಒತ್ತಕ್ಷರ ಸರಿಯಾಗಿ ಕೆಳಗೆ ಕೂರಬೇಕು. ಬಾಕ್ಸ್ ಮೇಲೆ ಕನ್ನಡ, ಒಳಗೆ ಚೌಕ ಅಂದರೆ ಮೊದಲ ವಾರವೇ ಹುಡುಗರು ನಮ್ಮನ್ನು ಮೀಮ್ ಮಾಡುತ್ತಾರೆ, ಮಾಡಲೂಬೇಕು. ಆನ್ ಮಾಡಿದಾಗ ಬರುವ ಅಡಿಬರಹವನ್ನು ಚಿತ್ರವಾಗಿ ಹಾಕಿ ತಪ್ಪಿಸಿಕೊಳ್ಳಬಹುದು, ಮೆಸೇಜ್‌ಗೆ ಆ ಉಪಾಯ ನಡೆಯಲ್ಲ.

ಶುಕ್ರವಾರದೊಳಗೆ ಇದು ಆಗುತ್ತದೋ ಇಲ್ಲವೋ ಹೇಳಿ. ಆಗಲ್ಲ ಅಂದರೆ ಬೆಲ್ಲು ಇರಲಿ, "ಹೊತ್ತು ಗೊತ್ತು" ವಾಪಸ್ ತೆಗೆದುಕೊಳ್ಳುತ್ತೇನೆ.