ಪತ್ರಿಕಾ ಹೇಳಿಕೆ: ಜಾತ್ರೆಯ ಅನ್ನದಾನದ ಲೆಕ್ಕ ಮತ್ತು ಉಗ್ರಾಣದ ಬೀಗ

ಮಾರಮ್ಮ ದೇವಸ್ಥಾನ ಸೇವಾ ಸಮಿತಿ, ಮಂಡ್ಯ ತಾಲ್ಲೂಕು

ಪತ್ರಿಕೆಯೊಂದರ ವರದಿಗಾರರು ಸೋಮವಾರ ಫೋನ್ ಮಾಡಿದ್ದರು. "ನಿಮ್ಮ ಸಮಿತಿ ಎರಡು ಹೋಳಾಗಿದೆಯಂತೆ, ಅನ್ನದಾನದ ದುಡ್ಡು ಸಿಗುತ್ತಿಲ್ಲವಂತೆ, ದೇವಸ್ಥಾನಕ್ಕೆ ಬೀಗ ಹಾಕಿದ್ದಾರಂತೆ, ನಿಜವಾ?" ಎಂದು ಕೇಳಿದರು. ಬಾಯಿಮಾತು ಒಂದಕ್ಕೆರಡಾಗುತ್ತದೆ ಅಲ್ವಾ, ಅದಕ್ಕೇ ಬರೆದು ಕೊಡುತ್ತಿದ್ದೇವೆ.

ಜಗಳ ಇರುವುದು ನಿಜ. ಕಾರ್ಯಕಾರಿ ಸಮಿತಿಯ 11 ಜನರಲ್ಲಿ 3 ಜನ ರಾಜೀನಾಮೆ ಪತ್ರ ಕೊಟ್ಟಿದ್ದಾರೆ. ನಾವಿನ್ನೂ ಅಂಗೀಕರಿಸಿಲ್ಲ. ಅವರ ಹೆಸರನ್ನು ನಾವು ಹೇಳುವುದಿಲ್ಲ. ಅವರಲ್ಲೊಬ್ಬರು ಇಪ್ಪತ್ತು ವರ್ಷದಿಂದ ಜಾತ್ರೆಗೆ ಪೆಂಡಾಲ್ ಹಾಕಿಸಿದವರು. ನಾಳೆಯೂ ಅದೇ ಪಂಕ್ತಿಯಲ್ಲಿ ಕೂತು ಊಟ ಮಾಡಬೇಕಾದವರು ನಾವು.

ದುಡ್ಡಿನ ವಿಷಯ. ವಸೂಲಿಗೆಂದು 50 ಹಾಳೆಯ 12 ರಸೀದಿ ಪುಸ್ತಕ ಹಂಚಿದ್ದೆವು. 11 ಪುಸ್ತಕ ಸಮಯಕ್ಕೆ ವಾಪಸ್ ಬಂದವು. ಅವುಗಳಿಂದ ಬಂದದ್ದು 4,18,600 ರೂಪಾಯಿ, ಖರ್ಚು 3,96,250, ಉಳಿದ 22,350 ಬ್ಯಾಂಕಿನಲ್ಲಿದೆ. ಹನ್ನೆರಡನೇ ಪುಸ್ತಕ 17 ದಿನ ತಡವಾಗಿ ಬಂತು. ಅದರಲ್ಲಿ 38 ರಸೀದಿ ಹರಿದಿತ್ತು, 31,400 ರೂಪಾಯಿ. ಅದೂ ಬ್ಯಾಂಕಿಗೆ ಹೋಗಿದೆ. ಕಾರ್ಬನ್ ಪ್ರತಿಗೂ ಮೊತ್ತಕ್ಕೂ ತಾಳೆ ಇದೆ. ಹಾಗಾಗಿ ನಗದು ಕಳುವಾಗಿದೆ ಎನ್ನುವುದಕ್ಕೆ ನಮ್ಮ ಕೈಯಲ್ಲಿ ಆಧಾರವಿಲ್ಲ. ಪುಸ್ತಕ ಯಾಕೆ ತಡವಾಯಿತು ಎಂದು ಕೇಳಬೇಕಾದವರು ನಾವು. ಆ 17 ದಿನ ಕೇಳದೆ ಸುಮ್ನಿದ್ದದ್ದು ನಮ್ಮ ತಪ್ಪು.

ನಿಜವಾದ ತಕರಾರು ಇರುವುದು ಅಕ್ಕಿಯಲ್ಲಿ. ನಮ್ಮ ಕಡೆ ಜಾತ್ರೆಗೆ ದುಡ್ಡಿಗಿಂತ ಜಾಸ್ತಿ ಬರುವುದು ಸಾಮಾನು. ಗದ್ದೆಯವರು ಅಕ್ಕಿ ಕೊಡುತ್ತಾರೆ, ಆಲೆಮನೆಯವರು ಅಚ್ಚುಬೆಲ್ಲ ಕಳಿಸುತ್ತಾರೆ, ತೋಟದವರು ತೆಂಗಿನಕಾಯಿ ತಂದು ಉಗ್ರಾಣದ ಬಾಗಿಲಲ್ಲಿ ಸುರಿದು ಹೋಗುತ್ತಾರೆ. ರಸೀದಿ ಯಾರೂ ಕೇಳುವುದಿಲ್ಲ, "ಅಮ್ಮನಿಗೆ ಕೊಟ್ಟಿದ್ದು, ಚೀಟಿ ಯಾಕೆ" ಅನ್ನುತ್ತಾರೆ. ನಾವೂ ಹಾಗೇ ನಡೆಸಿಕೊಂಡು ಬಂದೆವು. ಈ ಸಲ ಸದಸ್ಯರೊಬ್ಬರ ಪಾಕೆಟ್ ನೋಟ್‌ಬುಕ್ಕಿನಲ್ಲಿ ಬಂದ ಅಕ್ಕಿ 26 ಮೂಟೆ ಎಂದಿದೆ. ಅಡುಗೆಯವರು ಬಳಸಿದ್ದು 21 ಎನ್ನುತ್ತಾರೆ. ಉಳಿದ 5 ಮೂಟೆಯನ್ನು ಪಕ್ಕದೂರಿನ ಹಬ್ಬಕ್ಕೆ ಕೊಟ್ಟೆವು ಎಂದು ಒಬ್ಬರ ಮಾತು. ಕೊಟ್ಟದ್ದಕ್ಕೆ ಬರಹ ಇಲ್ಲ. ಕೊಟ್ಟಿಲ್ಲ ಎನ್ನಲೂ ನಮ್ಮ ಹತ್ತಿರ ಬರಹ ಇಲ್ಲ. ಯಾರನ್ನೂ ಕಳ್ಳ ಎನ್ನಲಾರೆವು, ಲೆಕ್ಕ ಸರಿಯಿದೆ ಎಂದೂ ಹೇಳಲಾರೆವು.

ಇನ್ನು ಬೀಗ. ಗುಡಿಗೆ ಯಾರೂ ಬೀಗ ಹಾಕಿಲ್ಲ, ಒಂದು ಹೊತ್ತೂ ಪೂಜೆ ನಿಂತಿಲ್ಲ. ಬೀಗ ಬದಲಾಯಿಸಿದ್ದು ಉಗ್ರಾಣಕ್ಕೆ. ಅದನ್ನು ಮಾಡಿದ್ದು ನಮ್ಮ ಕಡೆಯವರೇ, ರಾತ್ರಿ ಹೊತ್ತು, ಸಭೆಯಲ್ಲಿ ತೀರ್ಮಾನ ಮಾಡದೆ. ಬೆಳಿಗ್ಗೆ ಹೂವಿನ ಬುಟ್ಟಿ ತೆಗೆಯಲು ಬಂದ ಹೆಂಗಸರು ಬಾಗಿಲ ಮುಂದೆ ಮುಕ್ಕಾಲು ಗಂಟೆ ಕಾದರು. ಇದು ತಪ್ಪು. ಅವರ ಹತ್ತಿರ ಕ್ಷಮೆ ಕೇಳಿದ್ದೇವೆ. ಈಗ ಎರಡು ಬೀಗ ಇವೆ. ಒಂದರ ಕೀಲಿ ಖಜಾಂಚಿಯವರಲ್ಲಿ, ಇನ್ನೊಂದು ರಾಜೀನಾಮೆ ಕೊಟ್ಟವರಲ್ಲೊಬ್ಬರ ಹತ್ತಿರ. ಇಬ್ಬರೂ ಬಂದರೆ ಮಾತ್ರ ಬಾಗಿಲು ತೆರೆಯುತ್ತದೆ. ಸ್ವಲ್ಪ ಕಿರಿಕಿರಿ, ಆದರೆ ಸದ್ಯಕ್ಕೆ ಇದೇ ವಾಸಿ.

ಇದರಲ್ಲಿ ರಾಜಕೀಯ ಇದೆಯಾ ಎಂದೂ ಕೇಳಿದ್ದಿರಿ. ಎರಡೂ ಕಡೆ ಎಲ್ಲ ಪಕ್ಷದವರೂ ಇದ್ದಾರೆ. ಚುನಾವಣೆ ಹತ್ತಿರ ಬಂದರೆ ಮಾತು ಜೋರಾಗುವುದು ಸುಳ್ಳಲ್ಲ. ಆದರೂ ಜಗಳ ಶುರುವಾದದ್ದು ಅಕ್ಕಿ ಮೂಟೆಯಿಂದಲೇ.

ಮುಜರಾಯಿ ಇಲಾಖೆ ತನಿಖೆ ಮಾಡುತ್ತಿದೆ ಎಂಬ ಸುದ್ದಿ ಸರಿಯಲ್ಲ. ನಮ್ಮದು ಮುಜರಾಯಿಗೆ ಸೇರಿದ ದೇವಸ್ಥಾನವಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಕೆಳಗೆ ನೋಂದಣಿಯಾದ ಸಂಘ ಇದನ್ನು ನಡೆಸುತ್ತಿದೆ. ಆ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಮೂರನೇ ಒಂದು ಭಾಗ ಸದಸ್ಯರು ಅರ್ಜಿ ಕೊಟ್ಟರೆ ನೋಂದಣಾಧಿಕಾರಿ ವಿಚಾರಣೆ ಮಾಡಲೇಬೇಕು. ನಮ್ಮಲ್ಲಿ 214 ಸದಸ್ಯರು, ಅಂದರೆ 72 ಸಹಿ ಸಾಕು. ಯಾರಾದರೂ ಸಹಿ ಸಂಗ್ರಹಿಸಿದರೆ ನಾವು ಅಡ್ಡ ಬರುವುದಿಲ್ಲ. ಸದಸ್ಯರ ಪಟ್ಟಿಯ ಪ್ರತಿಯನ್ನೂ ಕೊಡುತ್ತೇವೆ. ಪೊಲೀಸರಿಗೆ ನಾವು ದೂರು ಕೊಟ್ಟಿಲ್ಲ.

ಬರುವ ಭಾನುವಾರ ಬೆಳಿಗ್ಗೆ 10 ಗಂಟೆಗೆ ದೇವಸ್ಥಾನದ ಮುಂದಿನ ಅರಳಿಕಟ್ಟೆಯಲ್ಲಿ ಸರ್ವಸದಸ್ಯರ ಸಭೆ ಇದೆ. 12 ರಸೀದಿ ಪುಸ್ತಕ, ಬ್ಯಾಂಕ್ ಪಾಸ್‌ಬುಕ್, ಆ ಪಾಕೆಟ್ ನೋಟ್‌ಬುಕ್ ಮೂರನ್ನೂ ಮೇಜಿನ ಮೇಲೆ ಇಡುತ್ತೇವೆ. ಅಕ್ಕಿ ಕೊಟ್ಟವರು ಎಷ್ಟು ಕೊಟ್ಟೆವು ಎಂದು ಬಂದು ಹೇಳಿದರೆ ಉಪಕಾರವಾಗುತ್ತದೆ. ವರದಿಗಾರರೂ ಬರಬಹುದು. ಸಭೆ ಮುಗಿದ ಮೇಲೆ ಊಟ ಇದೆ, ಈ ಸಲ ಅಕ್ಕಿಯನ್ನು ತೂಕ ಹಾಕಿ ಬರೆದುಕೊಂಡೇ ಅಡುಗೆಗೆ ಕೊಡುತ್ತೇವೆ.

ಅಧ್ಯಕ್ಷರು ಮತ್ತು ಕಾರ್ಯದರ್ಶಿ
ಮಾರಮ್ಮ ದೇವಸ್ಥಾನ ಸೇವಾ ಸಮಿತಿ