ರೊಟ್ಟಿ ಅಂಗಡಿಗೆ ಒಂದು ಹೆಸರು ಬೇಕು, ಯಾವುದಾದರೂ ಸರಿ

ಪೇಂಟರ್ ಚಾಚಾ, ನಮಸ್ಕಾರ.

ಫೋನಿನಲ್ಲಿ ಹೇಳಿದರೆ ನಗ್ತೀರಿ ಅಂತ ಬರೆದು ಕಳಿಸುತ್ತಿದ್ದೇನೆ. ಆಳಂದ ರಸ್ತೆಯ ಒಳಗಡೆ ಒಂದು ಮಳಿಗೆ ಹಿಡಿದಿದ್ದೇನೆ. ರೊಟ್ಟಿ ಅಂಗಡಿಗೆ. ಬಿಸಿ ರೊಟ್ಟಿ, ಕಡಕ್ ರೊಟ್ಟಿ, ಜೊತೆಗೆ ಶೇಂಗಾ ಹಿಂಡಿ, ಪುಂಡಿ ಪಲ್ಯ. ಬೋರ್ಡ್ ನೀವೇ ಬರೆಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೋರ್ಡಿನ ಮೇಲೆ ಏನು ಬರೆಯಬೇಕು ಅನ್ನೋದೇ ಇನ್ನೂ ಇಲ್ಲ. ಹೆಸರನ್ನೂ ನೀವೇ ಕೊಡಬೇಕು.

ಹೆಸರಿಗೆ ಅರ್ಥ ಇರಬೇಕು ಅಂತಿಲ್ಲ. ಕನ್ನಡದ್ದೇ ಆಗಬೇಕು ಅಂತಲೂ ಇಲ್ಲ. ಉರ್ದು, ಮರಾಠಿ, ತೆಲುಗು, ಇಂಗ್ಲಿಷ್ ಯಾವುದಾದರೂ ನಡೆಯುತ್ತದೆ. ದೇವರದ್ದೋ ಊರಿನದ್ದೋ ಹೂವಿನದ್ದೋ, ಹಳೇ ಕಾಲದ್ದೋ ಹೊಸ ನಮೂನೆಯದ್ದೋ, ನನ್ನ ತಕರಾರಿಲ್ಲ. ಇದು ಸಂಕೋಚದ ಮಾತಲ್ಲ ಚಾಚಾ. ‘ಏನಿದ್ದರೂ ನಡೀತದ’ ಅಂತ ಹೇಳಿ, ತಾಟು ಮುಂದೆ ಬಂದ ಮೇಲೆ ಮುಖ ಸಿಂಡರಿಸುವವರು ಇರ್ತಾರಲ್ಲ, ಆ ಪೈಕಿ ನಾನಲ್ಲ.

ಮನೆಯಲ್ಲಿ ಕೇಳಲಿಲ್ಲವಾ ಅಂತೀರಿ. ಕೇಳಿದ್ದೇ ತಪ್ಪಾಯಿತು. ಇವರು ಶರಣಬಸವೇಶ್ವರ ಅಂದರು. ಅಪ್ಪನ ಗುಡಿ ಇರುವ ಊರಲ್ಲಿ ಆ ಹೆಸರಿನ ಅಂಗಡಿಗೇನು ಬರವಾ? ಪೆಟ್ರೋಲು, ಸಿಮೆಂಟು, ಸೀರೆ ಎಲ್ಲದಕ್ಕೂ ಅದೇ ಇದೆ. ಅತ್ತೆಗೆ ಮಾವನವರ ಹೆಸರು ಬೇಕು. ಮಗ ‘ರೊಟ್ಟಿ ಹಬ್’ ಅಂದ. ಹಬ್ ಅಂದರೇನು ಅಂತ ಅತ್ತೆ ಕೇಳಿದರು. ಅವನಿಗೂ ಹೇಳಲಿಕ್ಕೆ ಬರಲಿಲ್ಲ. ನಾದಿನಿ ಮೊಬೈಲಿನಲ್ಲಿ ನಲವತ್ತು ಹೆಸರು ಕಳಿಸಿದಳು, ಪ್ರತಿಯೊಂದರ ಮುಂದೆ ಅರ್ಥ ಬೇರೆ. ಅವತ್ತಿನಿಂದ ದಿನಾ ರಾತ್ರಿ ಊಟಕ್ಕೆ ಕೂತಾಗ ಇದೇ ಮಾತು. ಒಬ್ಬರ ಹೆಸರು ತೆಗೆದುಕೊಂಡರೆ ಉಳಿದ ಮೂವರಿಗೆ ಸಿಟ್ಟು. ಹೆಸರು ಹೊರಗಿನಿಂದ ಬಂದರೆ ನಾಲ್ವರೂ ಸುಮ್ಮನಾಗ್ತಾರೆ. ನಿಮ್ಮ ಮುಂದೆ ವಾದ ಮಾಡುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ, ಅತ್ತೆಗೂ ಇಲ್ಲ.

ನನಗ್ಯಾಕೆ ಹಟ ಇಲ್ಲ ಅಂದರೆ, ನಮ್ಮ ಊರೇ ಹಾಗಿದೆ. ಸೂಪರ್ ಮಾರ್ಕೆಟ್ ಅಂತ ಆಟೋ ಹತ್ತುತ್ತೇವೆ. ಇಳಿದರೆ ಇಡೀ ಬಜಾರೇ ಇದೆ, ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಹೋಗುವ ಒಂದು ಅಂಗಡಿ ಅಲ್ಲ. ಎಂಎಸ್‌ಕೆ ಮಿಲ್ ಅಂತೀವಿ, ಮಿಲ್ ಮುಚ್ಚಿ ಎಷ್ಟು ಕಾಲವಾಯಿತು. ಅಲ್ಲಿ ಹುಟ್ಟಿದ ಹುಡುಗರು ಮಿಲ್ಲಿನ ಭೋಂಗಾ ಕೇಳಿಲ್ಲ, ಆದರೂ ವಿಳಾಸ ಅದೇ ಹೇಳ್ತಾರೆ. ಹುಮನಾಬಾದ್ ಬೇಸ್ ಅನ್ನುವುದರಲ್ಲಿ ಬೇಸ್ ಅಂದರೇನು ಅಂತ ಯಾರಾದರೂ ನಿಂತು ಯೋಚಿಸಿದ್ದಾರಾ? ಹೆಸರು ಕೇಳಿ ಜನ ಸರಿಯಾದ ಜಾಗಕ್ಕೆ ಬಂದರೆ ಮುಗಿಯಿತು. ರೊಟ್ಟಿ ಚೆನ್ನಾಗಿದ್ದರೆ ನೀವು ಕೊಟ್ಟ ಹೆಸರನ್ನೂ ಬಿಟ್ಟು ‘ಆ ಬೇವಿನ ಗಿಡದ ರೊಟ್ಟಿ’ ಅಂತಲೇ ಕರೀತಾರೆ, ನೋಡ್ತಿರಿ.

ಊರಿನ ಹೆಸರೂ ಒಂದೇ ಕಡೆ ನಿಂತದ್ದಲ್ಲ. ಬಹಮನಿ ಕಾಲದಲ್ಲಿ ಅಹಸನಾಬಾದ್. ಆಮೇಲೆ ಗುಲ್ಬರ್ಗಾ. 2014ರ ನವೆಂಬರ್ 1ರಿಂದ ಸರ್ಕಾರದ ಲೆಕ್ಕದಲ್ಲಿ ಕಲಬುರಗಿ. ಆಗ ನಮ್ಮ ಅಪ್ಪನ ಹಿಟ್ಟಿನ ಗಿರಣಿಯ ಬೋರ್ಡ್ ಬದಲಿಸಿಕೊಟ್ಟವರು ನೀವೇ. ನೀಲಿ ಬಣ್ಣ ಎರಡು ಕೈ ಹೊಡೆದರೂ ಬಿಸಿಲು ಬಿದ್ದಾಗ ಒಳಗಿನಿಂದ ‘ಗುಲ್ಬರ್ಗಾ’ ಕಾಣುತ್ತಿತ್ತು. ಇನ್ನೊಂದು ಕೈ ಹೊಡೆಯಲಾ ಅಂತ ನೀವು ಕೇಳಿದ್ದಕ್ಕೆ ಅಪ್ಪ, ‘ಇರಲಿ ಬಿಡು, ಎರಡೂ ನಮ್ಮವೇ’ ಅಂದಿದ್ದರು. ಗಿರಣಿ ಮಾರಿದಾಗ ಆ ತಗಡು ಗುಜರಿಗೆ ಹೋಯಿತು. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಒಂದೇ ಒಂದು ಕರಾರು. ಒಂದು ಹೆಸರು ಕೊಡಿ. ಹತ್ತು ಬರೆದು ‘ಇದರಲ್ಲಿ ನೋಡಮ್ಮ’ ಅಂತ ಮಾತ್ರ ಕಳಿಸಬೇಡಿ. ಎರಡು ಬಂದರೂ ಮತ್ತೆ ಜಗಳ ಶುರು. ಅದು ಯಾಕೆ, ಹೇಗೆ ಹೊಳೆಯಿತು ಅಂತಲೂ ಹೇಳಬೇಡಿ. ಕಾರಣ ಹೇಳಿದರೆ ಆ ಕಾರಣದ ಮೇಲೆ ಇವರು ವಾದ ಹೂಡ್ತಾರೆ. ನಿಮಗೆ ಬರೆಯಲಿಕ್ಕೆ ಖುಷಿ ಕೊಡುವ ಹೆಸರು ಇದ್ದರೆ ಸಾಕು. ಇಷ್ಟು ವರ್ಷ ಬೇರೆಯವರು ಹೇಳಿದ್ದನ್ನೇ ಬರೆದಿದ್ದೀರಿ, ಅಲ್ವಾ?

ಇನ್ನು ಬೋರ್ಡಿನ ಲೆಕ್ಕ. ಶಟರ್ ಮೇಲೆ 8 ಅಡಿ ಉದ್ದ, 2 ಅಡಿ ಎತ್ತರ ಜಾಗ ಇದೆ. ಫ್ಲೆಕ್ಸ್ ಬೇಡ. ಪಕ್ಕದ ಅಂಗಡಿಯವರದ್ದು ಎರಡೇ ಬೇಸಿಗೆಗೆ ಬಣ್ಣ ಹಾರಿ, ಹರಿದು, ಈಗ ಗಾಳಿಗೆ ಪಟಪಟ ಅಂತಿದೆ. ತಗಡಿನ ಮೇಲೆ ನಿಮ್ಮ ಕೈಯಿಂದ ಬರಲಿ. ಒತ್ತಕ್ಷರ ಜಾಸ್ತಿ ಆದರೆ ಮೇಲಿನ ಅಕ್ಷರ ಸಣ್ಣದಾಗುತ್ತದೆ ಅಂತ ನೀವು ಅಪ್ಪನಿಗೆ ಹೇಳಿದ್ದು ನೆನಪಿದೆ. ಅದು ನಿಮಗೇ ಬಿಟ್ಟದ್ದು. ‘ರೊಟ್ಟಿ’ ಅನ್ನುವ ಮಾತು ಹೆಸರಲ್ಲೇ ಬರಬೇಕಾ, ಕೆಳಗೆ ಬೇರೆ ಬರಬೇಕಾ, ಅದೂ ನಿಮಗೇ.

ಹೆಸರು ಯಾವ ಭಾಷೆಯದಾದರೂ ಅಕ್ಷರ ಮಾತ್ರ ಕನ್ನಡವೇ ಮೇಲೆ, ದೊಡ್ಡದಾಗಿ. 2024ರ ತಿದ್ದುಪಡಿ ಆದ ಮೇಲೆ ನೂರಕ್ಕೆ 60 ಭಾಗ ಕನ್ನಡ ಇರಬೇಕು, ಅದೂ ಬೋರ್ಡಿನ ಮೇಲಿನ ಅರ್ಧದಲ್ಲಿ. ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಉರ್ದುವಿನಲ್ಲೂ ಒಂದು ಸಾಲು ಬರೆದರೆ ನನಗೆ ಸಂತೋಷ. ನಿಮ್ಮ ಉರ್ದು ಅಕ್ಷರ ನೋಡಲಿಕ್ಕೆ ಇನ್ನೂ ಚೆಂದ. ಕೆಳಗಿನ ಮೂಲೆಯಲ್ಲಿ ಒಂದು ಗೇಣು ಜಾಗ ಖಾಲಿ ಬಿಡಿ. ಎಫ್‌ಎಸ್‌ಎಸ್‌ಎಐ ನಂಬರ್ ಬಂದಾಗ ಅಲ್ಲಿ ಬರೆಸಬೇಕು, 14 ಅಂಕಿ ಇರುತ್ತದೆ.

ಹೆಸರಿನ ಜೊತೆ ಅದರ ಇಂಗ್ಲಿಷ್ ಸ್ಪೆಲಿಂಗನ್ನೂ ಬರೆದು ಕಳಿಸಿ. ಇದು ಮುಖ್ಯ. ಪಾಲಿಕೆಯ ಲೈಸೆನ್ಸ್, ಬ್ಯಾಂಕಿನ ಖಾತೆ, ಫೋನ್‌ಪೇ ಡಬ್ಬಿ, ರೊಟ್ಟಿ ಪ್ಯಾಕೆಟ್ಟಿನ ಚೀಟಿ, ಎಲ್ಲದರಲ್ಲೂ ಅದೇ ಸ್ಪೆಲಿಂಗ್ ಬರಬೇಕು. ಶರಣಮ್ಮ ಅನ್ನುವ ನನ್ನ ಹೆಸರಿಗೆ ಆಧಾರಿನಲ್ಲಿ ಒಂದು ‘ಎ’ ಕಡಿಮೆ, ರೇಷನ್ ಕಾರ್ಡಿನಲ್ಲಿ ಒಂದು ಜಾಸ್ತಿ. ಅದನ್ನು ಸರಿ ಮಾಡಿಸಲಿಕ್ಕೆ ನಾಲ್ಕು ಸಲ ಸಾಲಿನಲ್ಲಿ ನಿಂತಿದ್ದೇನೆ. ಅಂಗಡಿಗಾದರೂ ಆ ಗತಿ ಬೇಡ.

ಶ್ರಾವಣದ ಮೊದಲ ಸೋಮವಾರ ಒಲೆ ಹಚ್ಚುವುದು ಅಂತ ಇದೆ. ಅರ್ಜಿ ಈ ಶುಕ್ರವಾರ ಕೊಡಬೇಕು. ಹಾಗಾಗಿ ಗುರುವಾರ ಸಂಜೆಯೊಳಗೆ ಹೆಸರು ಬಂದರೆ ಸಾಕು. ಬಂದದ್ದನ್ನು ನಾನು ಓದಿ, ಹಾಗೇ ಅರ್ಜಿಯಲ್ಲಿ ತುಂಬಿ ಬಿಡುತ್ತೇನೆ. ಮನೆಯವರಿಗೆ ಬೋರ್ಡ್ ಏರಿದ ದಿನವೇ ಗೊತ್ತಾಗಲಿ.

ಮುಂಗಡ 2,000 ರೂಪಾಯಿ ಮಗನ ಕೈಯಲ್ಲಿ ಕಳಿಸುತ್ತೇನೆ. ಹೆಸರಿಗೆ ಎಷ್ಟು, ಬಣ್ಣಕ್ಕೆ ಎಷ್ಟು ಅಂತ ಬೇರೆ ಬೇರೆ ಹೇಳಿ, ಎರಡನ್ನೂ ಕೊಡುತ್ತೇನೆ. ಮಗ ಬಂದಾಗ ‘ಹಬ್ ಅಂತ ಬರೀರಿ ಚಾಚಾ’ ಅಂತ ಮೆತ್ತಗೆ ಹೇಳಿಯೇ ಹೇಳ್ತಾನೆ. ಕೇಳಿಸಲಿಲ್ಲ ಅನ್ನಿ.

ಚಾಚಿಗೆ 20 ಕಡಕ್ ರೊಟ್ಟಿ, ಒಂದು ಡಬ್ಬಿ ಹಿಂಡಿ ಕಟ್ಟಿದ್ದೇನೆ. ಅವರಿಗೆ ಖಾರ ಆಗೋದಿಲ್ಲ ಅಂತ ಮೆಣಸಿನಕಾಯಿ ಕಡಿಮೆ ಹಾಕಿದ್ದೇನೆ. ಡಬ್ಬಿ ಸ್ಟೀಲಿನದು, ಅತ್ತೆಯದ್ದು. ಮಗನ ಕೈಯಲ್ಲೇ ವಾಪಸ್ ಕೊಟ್ಟು ಕಳಿಸಿ.

ನಿಮ್ಮ,
ಗಿರಣಿ ಮನೆಯ ಶರಣಮ್ಮ
ಕಲಬುರಗಿ